ಒಂದು ಅಕ್ಷರ, ಒಂದು ತಾರೀಖು: ಕೆಲಸಕ್ಕೆ ಸೇರುವ ದಿನದ ಕಾಗದಪತ್ರ

ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು ನಾನು. ಹೊಸದಾಗಿ ಸೇರುವವರು ತಿಂಗಳ ಮೊದಲ ದಿನ ಬೆಳಗ್ಗೆ ಒಂಬತ್ತೂವರೆಗೆ ಬಂದು ಸಾಲಾಗಿ ಕೂರುತ್ತಿದ್ದರು. ಎಲ್ಲರ ಮಡಿಲಲ್ಲೂ ದಪ್ಪ ಫೈಲು. ಮಾರ್ಕ್ಸ್ ಕಾರ್ಡು, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್, ಹಿಂದಿನ ಕಂಪನಿಯ ಪತ್ರಗಳು, ಫೋಟೋ. ಕಾಗದವನ್ನೇ ತರದೆ ಬಂದವರು ಬಹಳ ಕಡಿಮೆ. ಆದರೂ ತಿಂಗಳ ಕೊನೆಯಲ್ಲಿ ಸಂಬಳ ಬರಲಿಲ್ಲ, ಪಿಎಫ್ ಸೇರಲಿಲ್ಲ, ತೆರಿಗೆ ತಪ್ಪಾಯಿತು ಎಂದು ಯಾರಾದರೂ ಮತ್ತೆ ನನ್ನ ಮೇಜಿಗೆ ಬಂದೇ ಬರುತ್ತಿದ್ದರು.

ಕಾರಣ ಹುಡುಕಿದರೆ ಸಿಗುತ್ತಿದ್ದುದು ಸಣ್ಣ ಸಂಗತಿ. ಒಂದು ಕಾಗದದಲ್ಲಿ ಇರುವ ಹೆಸರು ಇನ್ನೊಂದರಲ್ಲಿ ಇರುತ್ತಿರಲಿಲ್ಲ, ಅಥವಾ ಒಂದರ ತಾರೀಖು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಸೇರುವ ದಿನದ ಪಟ್ಟಿಯಲ್ಲಿ ಏನೇನಿದೆ ಎಂಬುದನ್ನು ಕಂಪನಿಯೇ ಇ-ಮೇಲ್‌ನಲ್ಲಿ ಕಳಿಸುತ್ತದೆ. ಆ ಕಾಗದಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಕೆಲಸ ಮಾತ್ರ ಸೇರುವವರದೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾವೇರಿ ಕಡೆಯ ತರುಣನೊಬ್ಬ, ಹೆಸರು ಮಂಜುನಾಥ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯ ಕಂಪನಿಯಲ್ಲಿ ತಿಂಗಳಿಗೆ 1 ಲಕ್ಷ ರೂಪಾಯಿ ಸಂಬಳಕ್ಕಿದ್ದವನು 2025ರ ಸೆಪ್ಟೆಂಬರ್ 30ರಂದು ಅದನ್ನು ಬಿಟ್ಟು, ಅಕ್ಟೋಬರ್ 1ರಂದು ಬೆಂಗಳೂರಿನಲ್ಲಿ ತಿಂಗಳಿಗೆ 1.25 ಲಕ್ಷಕ್ಕೆ ಸೇರುತ್ತಿದ್ದಾನೆ. ಅವನ ಫೈಲನ್ನೇ ತೆರೆಯೋಣ.

ಹೆಸರು ಎಷ್ಟು ಬಗೆ

ಅಪ್ಪನ ಹೆಸರು ಸಿದ್ದಪ್ಪ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇವನ ಹೆಸರು `MANJUNATHA S`. ಆಧಾರ್‌ನಲ್ಲಿ `Manjunath S`. ಪ್ಯಾನ್ ಕಾರ್ಡಿನಲ್ಲಿ `MANJUNATHA SIDDAPPA`. ಬ್ಯಾಂಕಿನಲ್ಲಿ `S MANJUNATHA`. ಮನೆಯಲ್ಲಿ, ಊರಿನಲ್ಲಿ ಇವೆಲ್ಲ ಒಬ್ಬನೇ. ಕಂಪ್ಯೂಟರಿಗೆ ನಾಲ್ವರು.

ಇದು ನಮ್ಮ ಕಡೆಯವರಿಗೆ ತೀರಾ ಸಾಮಾನ್ಯವಾದ ತೊಡಕು, ಅದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಬಹಳ ಜನರಿಗೆ ಅಡ್ಡಹೆಸರಿಲ್ಲ. ಊರಿನದೋ ಅಪ್ಪನದೋ ಮೊದಲಕ್ಷರ ಇನಿಷಿಯಲ್ ಆಗಿ ನಿಲ್ಲುತ್ತದೆ. ಪ್ಯಾನ್ ಅರ್ಜಿಯಲ್ಲಿ ಮಾತ್ರ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ಅಪ್ಪನ ಹೆಸರೇ ಮಗನ ಅಡ್ಡಹೆಸರಾಗಿ ಕೂರುತ್ತದೆ. ಇದರ ಜೊತೆಗೆ ಕನ್ನಡದ ಕೊನೆಯ ಅಕಾರ. ನಾವು 'ಮಂಜುನಾಥ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವವರು ಒಮ್ಮೆ ಕೊನೆಗೆ `a` ಸೇರಿಸುತ್ತಾರೆ, ಒಮ್ಮೆ ಬಿಡುತ್ತಾರೆ. ಶಾಲೆಯ ಗುಮಾಸ್ತರು ಒಂದು ರೀತಿ ಬರೆದರೆ ಆಧಾರ್ ಕೇಂದ್ರದ ಹುಡುಗ ಇನ್ನೊಂದು ರೀತಿ ಟೈಪ್ ಮಾಡಿರುತ್ತಾನೆ.

ಎಚ್‌ಆರ್ ಮೇಜಿನಲ್ಲಿ ಇದನ್ನು ತೋರಿಸಿದಾಗ ಹೆಚ್ಚಿನವರು ಹೇಳುತ್ತಿದ್ದುದು, "ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಬರ್ತೀನಿ ಮೇಡಂ" ಎಂದು. ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ಟಿನಿಂದ ಕಂಪನಿಯ ಫೈಲು ಪೂರ್ತಿಯಾಗುತ್ತದೆ, ಆ ದಿನದ ಮಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಆದರೆ ಪಿಎಫ್ ಕಚೇರಿಯ ಕಂಪ್ಯೂಟರು ಅಫಿಡವಿಟ್ ಓದುವುದಿಲ್ಲ. ಅದು ಯುಎಎನ್ ಖಾತೆಯ ಹೆಸರು, ಹುಟ್ಟಿದ ದಿನ, ಲಿಂಗ ಮೂರನ್ನೂ ಆಧಾರ್ ಜೊತೆ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ನಿಲ್ಲಿಸುತ್ತದೆ. ಆದ್ದರಿಂದ ಕಾಗದ ಸೇರಿಸುವುದಕ್ಕಿಂತ ಮೂಲ ದಾಖಲೆಯನ್ನು ತಿದ್ದಿಸುವುದೇ ದಾರಿ.

ತಿದ್ದಿಸುವುದಕ್ಕೊಂದು ಕ್ರಮವಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಬದಲಾಯಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಆದ್ದರಿಂದ ಅದನ್ನೇ ಬುನಾದಿ ಮಾಡಿಕೊಳ್ಳಿ. ಅದಕ್ಕೆ ಹೊಂದುವಂತೆ ಮೊದಲು ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕು, ಕೊನೆಗೆ ಪಿಎಫ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನ ತಿದ್ದಲು ಒಂದೇ ಸಲ. ಇನಿಷಿಯಲ್ ಬಿಡಿಸಿ ಬರೆಯಬೇಕೋ ಬೇಡವೋ, ಕೊನೆಗೆ `a` ಇರಬೇಕೋ ಬೇಡವೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಆಮೇಲೆ ಅರ್ಜಿ ಹಾಕಿ. ಪ್ಯಾನ್‌ನಲ್ಲಿ ಹೇಗೂ ಬಿಡಿಸಿದ ಹೆಸರೇ ಇರುವುದರಿಂದ, ಮಂಜುನಾಥನಂಥವರು ಆಧಾರ್‌ನಲ್ಲೂ `Manjunatha Siddappa` ಎಂದು ಮಾಡಿಸಿಕೊಂಡರೆ ಮುಂದಿನ ಎಲ್ಲ ಕಡೆಯೂ ಸುಲಭ. ಎಸ್ಸೆಸ್ಸೆಲ್ಸಿಯ `S` ಎಂದರೆ ಸಿದ್ದಪ್ಪ ಎಂದು ವಿವರಿಸುವುದು ಕಷ್ಟವಲ್ಲ. ಅಪ್ಪನ ಹೆಸರು ಆ ಕಾರ್ಡಿನಲ್ಲೇ ಇರುತ್ತದೆ.

ಹೆಸರಿನಷ್ಟೇ ಮುಖ್ಯ ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಮೇಷ್ಟರೇ ಬರೆದುಕೊಂಡ ಜೂನ್ 1 ಎಂಬ ತಾರೀಖು ನಮ್ಮ ಹಳ್ಳಿಗಳ ಎಷ್ಟೋ ಜನರ ಮಾರ್ಕ್ಸ್ ಕಾರ್ಡಿನಲ್ಲಿದೆ. ಆಧಾರ್ ಮಾಡಿಸುವಾಗ ಮನೆಯವರು ನಿಜವಾದ ದಿನ ಹೇಳಿರುತ್ತಾರೆ. ಕೆಲಸದ ದಾಖಲೆಗೆ ಮಾರ್ಕ್ಸ್ ಕಾರ್ಡಿನ ದಿನವನ್ನೇ ಎಲ್ಲರೂ ನೆಚ್ಚುವುದು, ನಿವೃತ್ತಿಯ ದಿನವೂ ಅದರಿಂದಲೇ ನಿರ್ಧಾರವಾಗುವುದು. ಎರಡೂ ಒಂದೇ ಇವೆಯೇ ನೋಡಿಕೊಳ್ಳಿ.

ಇವೆಲ್ಲ ಒಂದೇ ದಿನಕ್ಕೆ ಆಗುವ ಕೆಲಸಗಳಲ್ಲ. ಆಫರ್ ಲೆಟರ್ ಕೈಗೆ ಬಂದ ದಿನವೇ ಶುರು ಮಾಡಬೇಕು. ನೋಟೀಸ್ ಅವಧಿಯ ಒಂದೆರಡು ತಿಂಗಳು ಇದಕ್ಕೆ ತಕ್ಕ ಸಮಯ.

ಆಧಾರ್, ಪ್ಯಾನ್ ಕೊಡುವ ಬಗೆ

ಪಿಎಫ್‌ಗೆ ಆಧಾರ್ ಬೇಕೇ ಬೇಕು. ಅಲ್ಲಿ 12 ಅಂಕಿಯೂ ಕೊಡಬೇಕು. ಆದರೆ ಬರೀ ಗುರುತಿಗೆಂದು ಕೇಳುವ ಕಡೆ, ಉದಾಹರಣೆಗೆ ಕಂಪನಿಯ ಪರವಾಗಿ ಹಿನ್ನೆಲೆ ಪರಿಶೀಲಿಸುವ ಏಜೆನ್ಸಿಗೆ, ಮಾಸ್ಕ್ಡ್ ಆಧಾರ್ ಕೊಡಬಹುದು. `myaadhaar.uidai.gov.in` ತಾಣದಿಂದ ಇಳಿಸಿಕೊಳ್ಳುವಾಗ ಈ ಆಯ್ಕೆ ಇರುತ್ತದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಜೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿ, ತಾರೀಖಿನ ಜೊತೆ 'ಕೆಲಸಕ್ಕೆ ಸೇರಲು ಮಾತ್ರ' ಎಂದು ಬರೆಯಿರಿ. ಆ ಪ್ರತಿ ಇನ್ನೊಂದು ಕೆಲಸಕ್ಕೆ ಬಳಕೆಯಾಗದಂತೆ ಇದು ತಡೆ.

ಪ್ಯಾನ್ ಬೇಕಾಗುವುದು ತೆರಿಗೆಗಾಗಿ. ಪ್ಯಾನ್ ಕೊಡದಿದ್ದರೆ, ಸಂಬಳ ತೆರಿಗೆಗೆ ಒಳಪಡುವಷ್ಟಿದ್ದಲ್ಲಿ, ಕಂಪನಿ ಕನಿಷ್ಠ ಶೇ 20ರ ಲೆಕ್ಕದಲ್ಲಿ ಹಿಡಿಯಬೇಕಾಗುತ್ತದೆ. ಆಧಾರ್ ಜೊತೆ ಜೋಡಣೆಯಾಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥದನ್ನು ಕೊಟ್ಟರೂ ಕೊಡದಂತೆಯೇ. ಕಾರ್ಡು ಕೈಯಲ್ಲಿದೆ ಎಂದು ಸುಮ್ಮನಾಗದೆ, ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಜೋಡಣೆಯಾಗಿದೆಯೇ ಎಂದು ಒಮ್ಮೆ ನೋಡಿ.

ಮೂಲ ಪ್ರಮಾಣಪತ್ರಗಳ ಬಗ್ಗೆ ಒಂದು ಮಾತು. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸು ತೆಗೆದುಕೊಂಡೇ ಎದ್ದು ಬನ್ನಿ. 'ಆರು ತಿಂಗಳು ನಮ್ಮ ಹತ್ತಿರ ಇರಲಿ' ಎಂದು ಮಾರ್ಕ್ಸ್ ಕಾರ್ಡು ಇಟ್ಟುಕೊಳ್ಳುವ ಸಣ್ಣ ಸಂಸ್ಥೆಗಳಿವೆ. ನಾಳೆ ಕೆಲಸ ಬಿಡುವಾಗ ಅದೇ ಅವರ ಕೈಯ ಹಿಡಿತ. ಕೊಡಬೇಡಿ.

ಹಣ ಹೋಗುವುದು ಹೆಸರಿಗಲ್ಲ, ನಂಬರಿಗೆ

ಬ್ಯಾಂಕಿನ ವಿವರಕ್ಕೆ ಕಂಪನಿಗಳು ಕ್ಯಾನ್ಸಲ್ ಮಾಡಿದ ಚೆಕ್ ಕೇಳುತ್ತವೆ. ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮೂರೂ ಒಂದೇ ಹಾಳೆಯಲ್ಲಿ ಅಚ್ಚಾಗಿರುತ್ತವೆ ಎಂಬುದೇ ಅದಕ್ಕೆ ಕಾರಣ. ಚೆಕ್ಕಿನ ಮೇಲೆ ಅಡ್ಡಲಾಗಿ ಎರಡು ಗೆರೆ ಎಳೆದು ನಡುವೆ `CANCELLED` ಎಂದು ಬರೆದರೆ ಸಾಕು. ಸಹಿ ಹಾಕಬಾರದು. ಚೆಕ್‌ಬುಕ್ ಇಲ್ಲದವರಿಗೆ ಪಾಸ್‌ಬುಕ್ಕಿನ ಮೊದಲ ಪುಟ ಆಗುತ್ತದೆ.

ಇಲ್ಲಿ ನಮ್ಮ ರಾಜ್ಯದವರು ವಿಶೇಷವಾಗಿ ನೋಡಬೇಕಾದ ಒಂದು ಅಂಶವಿದೆ. ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಮೂರೇ ವರ್ಷದಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಆಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಐಎಫ್‌ಎಸ್‌ಸಿ ಎಂಬುದು 11 ಅಕ್ಷರಗಳದು. ಮೊದಲ ನಾಲ್ಕು ಬ್ಯಾಂಕನ್ನು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯನ್ನು ಹೇಳುತ್ತವೆ. ಬ್ಯಾಂಕು ಬದಲಾದಾಗ ಆ ಮೊದಲ ನಾಲ್ಕು ಅಕ್ಷರಗಳೂ ಬದಲಾದವು. `SYNB` ಎಂದು ಶುರುವಾಗುವ ಸಿಂಡಿಕೇಟ್ ಬ್ಯಾಂಕಿನ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ, ಈಗ `CNRB`. ಮಂಜುನಾಥ ಕಾಲೇಜಿನಲ್ಲಿದ್ದಾಗ ತೆರೆದ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕನ್ನೇ ಜೆರಾಕ್ಸ್ ಮಾಡಿ ಕೊಟ್ಟರೆ ಮೊದಲ ತಿಂಗಳ ಸಂಬಳ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ.

ಹಿಂದಕ್ಕೆ ಬಂದರೆ ಆದರೂ ಚಿಂತೆಯಿಲ್ಲ. ನಂಬರ್ ತಪ್ಪಾಗಿ, ಆ ತಪ್ಪು ನಂಬರಿನ ಖಾತೆ ನಿಜಕ್ಕೂ ಯಾರದೋ ಆಗಿದ್ದರೆ ಹಣ ಅವರಿಗೆ ಸೇರುತ್ತದೆ. ನೆಫ್ಟ್ ಮೂಲಕ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರು ನೋಡಿ ಅಲ್ಲ. ತಪ್ಪು ನುಸುಳುವ ಒಂದು ಜಾಗ ನನಗೆ ಚೆನ್ನಾಗಿ ಗೊತ್ತು: ವಿವರ ತುಂಬಿ ಕಳಿಸಿ ಎಂದು ಕೊಡುವ ಎಕ್ಸೆಲ್ ಹಾಳೆ. ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಎಕ್ಸೆಲ್ ಆ ಸೊನ್ನೆಯನ್ನು ತಾನೇ ತೆಗೆದುಹಾಕುತ್ತದೆ. ಸಂಖ್ಯೆಯಲ್ಲಿ 16 ಅಂಕಿಯಿದ್ದರೆ ಕೊನೆಯ ಅಂಕಿಯನ್ನು ಸೊನ್ನೆ ಮಾಡಿಬಿಡುತ್ತದೆ, ಏಕೆಂದರೆ ಅದು ನೆನಪಿಟ್ಟುಕೊಳ್ಳುವುದು 15 ಅಂಕಿಯನ್ನಷ್ಟೆ. ಟೈಪ್ ಮಾಡುವ ಮೊದಲು ಆ ಕಾಲಮ್ಮನ್ನು `Text` ಎಂದು ಬದಲಾಯಿಸಿ. ಕಳಿಸಿದ ಮೇಲೆ ಚೆಕ್ಕಿನ ಜೊತೆ ಒಂದೊಂದೇ ಅಂಕಿ ಕೂಡಿಸಿ ನೋಡಿ.

ಖಾತೆ ಸರಿಯಿದೆಯೇ ಎಂದು ತಿಳಿಯಲು ಒಂದು ರೂಪಾಯಿಯ ಪರೀಕ್ಷೆ ಸಾಕು. ಯುಪಿಐ ಬಿಟ್ಟು, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ ಒಂದು ರೂಪಾಯಿ ಕಳಿಸುವಂತೆ ಗೆಳೆಯರಿಗೆ ಹೇಳಿ. ಅದು ನಿಮ್ಮ ಪಾಸ್‌ಬುಕ್ಕಿನಲ್ಲಿ ಕಂಡರೆ ಸಂಬಳವೂ ಕಾಣುತ್ತದೆ. ಎರಡು ವರ್ಷ ಯಾವ ವಹಿವಾಟೂ ಮಾಡದ ಖಾತೆಯಾದರೆ ಅದು ನಿಷ್ಕ್ರಿಯವಾಗಿರುತ್ತದೆ. ಬ್ಯಾಂಕಿಗೆ ಹೋಗಿ ಕೆವೈಸಿ ಕೊಟ್ಟು ಎಬ್ಬಿಸಬೇಕು. ಅಪ್ಪನ ಹೆಸರು ಮೊದಲಿದ್ದು ನಿಮ್ಮದು ಎರಡನೆಯದಾಗಿರುವ ಜಂಟಿ ಖಾತೆಯನ್ನು ಸಂಬಳಕ್ಕೆ ಕೊಡಬೇಡಿ. ನಿಮ್ಮೊಬ್ಬರ ಹೆಸರಿನ ಖಾತೆ ತೆರೆಯಿರಿ.

ಹಿಂದಿನ ಕಂಪನಿಯಿಂದ ತರಬೇಕಾದ್ದು

ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಒಂದೇ ಎಂದು ಹಲವರು ತಿಳಿದಿದ್ದಾರೆ. ನೀವು ಇಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಹುದ್ದೆಯಲ್ಲಿದ್ದಿರಿ ಎನ್ನುವುದು ಅನುಭವ ಪತ್ರ. ನಿಮ್ಮ ರಾಜೀನಾಮೆ ಒಪ್ಪಿಕೊಂಡು ಇಂಥ ದಿನದಿಂದ ಬಿಡುಗಡೆ ಮಾಡಿದ್ದೇವೆ ಎನ್ನುವುದು ರಿಲೀವಿಂಗ್ ಲೆಟರ್. ಹೊಸ ಕಂಪನಿ ಮುಖ್ಯವಾಗಿ ಎರಡನೆಯದನ್ನು ನೋಡುತ್ತದೆ, ಏಕೆಂದರೆ ನೀವು ಒಂದೇ ಸಮಯಕ್ಕೆ ಎರಡು ಕಡೆ ನೌಕರರಾಗಿಲ್ಲ ಎಂಬುದಕ್ಕೆ ಅದು ಆಧಾರ. ಅದು ಸೇರುವ ದಿನಕ್ಕೆ ಸಿಗದಿದ್ದರೆ ರಾಜೀನಾಮೆ ಒಪ್ಪಿಕೊಂಡ ಇ-ಮೇಲ್ ಪ್ರತಿಯನ್ನು ಕೊಡಿ, ಕೊನೆಯ ದಿನ ಅದರಲ್ಲಿ ಬರೆದಿರಲಿ. ಹಳೆಯ ಕಂಪನಿಯ ಇ-ಮೇಲ್ ಖಾತೆ ಕೊನೆಯ ದಿನವೇ ಮುಚ್ಚಿಹೋಗುತ್ತದೆ. ಸಂಬಳದ ಚೀಟಿ, ನೇಮಕದ ಆದೇಶ, ಬಡ್ತಿಯ ಪತ್ರ ಎಲ್ಲವನ್ನೂ ಅದಕ್ಕೆ ಮೊದಲೇ ಇಳಿಸಿ ಇಟ್ಟುಕೊಳ್ಳಿ.

ಕೊನೆಯ ಮೂರು ತಿಂಗಳ ಸಂಬಳದ ಚೀಟಿಯನ್ನು ಎಲ್ಲರೂ ತರುತ್ತಾರೆ. ಎಲ್ಲರೂ ಮರೆಯುವುದು ಎರಡು: ಯುಎಎನ್ ಮತ್ತು ಈ ವರ್ಷ ಇದುವರೆಗೆ ಪಡೆದ ಸಂಬಳದ ಲೆಕ್ಕ.

ಯುಎಎನ್ ಎಂದರೆ ಪಿಎಫ್‌ನ 12 ಅಂಕಿಯ ಸಂಖ್ಯೆ. ಕಂಪನಿ ಎಷ್ಟು ಬದಲಾದರೂ ಒಬ್ಬರಿಗೆ ಒಂದೇ. ಸೇರುವ ದಿನ ಕೊಡುವ ಫಾರಂ 11ರಲ್ಲಿ 'ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ' ಎಂಬ ಪ್ರಶ್ನೆ ಇರುತ್ತದೆ. ಅವಸರದಲ್ಲಿ ಅಲ್ಲಿ 'ಇಲ್ಲ' ಎಂದು ಗುರುತು ಹಾಕಿದವರನ್ನು ನಾನು ಬಹಳ ನೋಡಿದ್ದೇನೆ. ಹಳೆಯ ಯುಎಎನ್‌ನ ಹೆಸರು ಆಧಾರ್‌ಗೆ ಹೊಂದದೆ ಜೋಡಣೆಯಾಗದೆ ಉಳಿದಿದ್ದರೆ, ಅವರ ಹೆಸರಿಗೆ ಎರಡನೆಯ ಯುಎಎನ್ ಹುಟ್ಟಿಕೊಳ್ಳುತ್ತದೆ. ಆಗ ಹುಬ್ಬಳ್ಳಿಯ ವರ್ಷಗಳು ಒಂದು ಖಾತೆಯಲ್ಲಿ, ಬೆಂಗಳೂರಿನ ವರ್ಷಗಳು ಇನ್ನೊಂದರಲ್ಲಿ. ಪಿಎಫ್‌ನ ಮಾಸಿಕ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಎರಡನ್ನೂ ಸೇರಿಸದೆ ಹೋದರೆ ಎಣಿಕೆ ತುಂಡಾಗುತ್ತದೆ. ಕೊನೆಯ `a` ಒಂದು ಅಕ್ಷರದ ತಪ್ಪು ಬಂದು ಮುಟ್ಟುವುದು ಇಲ್ಲಿಗೆ.

ಹೊಸ ಕೆಲಸಕ್ಕೆ ಸೇರುವ ಮುನ್ನ ಪಿಎಫ್‌ನ ಸದಸ್ಯರ ತಾಣದಲ್ಲಿ ನಿಮ್ಮ ಸೇವೆಯ ವಿವರ ತೆರೆದು, ಹೆಸರು ಸರಿಯಿದೆಯೇ, ಆಧಾರ್ ಜೋಡಣೆಯಾಗಿದೆಯೇ ನೋಡಿ. ಹಳೆಯ ಕಂಪನಿ ನಿಮ್ಮ ನಿರ್ಗಮನದ ದಿನವನ್ನು ನಮೂದಿಸದೆ ಬಿಟ್ಟರೆ ಹಣ ವರ್ಗಾವಣೆ ನಿಲ್ಲುತ್ತದೆ. ಬಿಟ್ಟು ಎರಡು ತಿಂಗಳಾದ ಮೇಲೂ ಅವರು ಹಾಕದಿದ್ದರೆ ನೀವೇ ಆ ತಾಣದಲ್ಲಿ ಹಾಕಬಹುದು. ಹಾಕುವ ತಾರೀಖು ರಿಲೀವಿಂಗ್ ಲೆಟರಿನದೇ ಆಗಿರಲಿ. ಸಂಬಳ ತಿಂಗಳಿಗೆ 21 ಸಾವಿರದೊಳಗೆ ಇದ್ದು ಇಎಸ್‌ಐ ಇರುವವರು ತಮ್ಮ ಹಳೆಯ ವಿಮಾ ಸಂಖ್ಯೆಯನ್ನೂ ಹೀಗೆಯೇ ಹೊಸ ಕಂಪನಿಗೆ ಕೊಡಬೇಕು.

ಇಬ್ಬರೂ ಹಿಡಿಯದ ತೆರಿಗೆ

ಈಗ ಸಂಬಳದ ಲೆಕ್ಕ. ಮಂಜುನಾಥನ ವರ್ಷ 2025-26, ಹೊಸ ತೆರಿಗೆ ಪದ್ಧತಿ. ಆ ವರ್ಷದ ನಿಯಮದಂತೆ ಸಂಬಳದಿಂದ 75,000 ರೂಪಾಯಿ ಕಳೆದ ಮೇಲೆ ಉಳಿದದ್ದು 12 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ.

ಹುಬ್ಬಳ್ಳಿಯ ಕಂಪನಿ ತಿಂಗಳಿಗೆ 1 ಲಕ್ಷದಂತೆ ವರ್ಷಕ್ಕೆ 12 ಲಕ್ಷ ಎಂದು ಲೆಕ್ಕ ಹಾಕಿತು. ಅದರಲ್ಲಿ 75,000 ಕಳೆದರೆ 11.25 ಲಕ್ಷ. ತೆರಿಗೆ ಇಲ್ಲವೆಂದು ಏನೂ ಹಿಡಿಯಲಿಲ್ಲ. ಬೆಂಗಳೂರಿನ ಕಂಪನಿಗೆ ಹಳೆಯ ಸಂಬಳ ಗೊತ್ತಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರು ತಿಂಗಳಿಗೆ 7.5 ಲಕ್ಷ, ಅದರಲ್ಲೂ ಮತ್ತೊಮ್ಮೆ 75,000 ಕಳೆಯಿತು. ಅದೂ ಏನೂ ಹಿಡಿಯಲಿಲ್ಲ. ಎರಡೂ ಕಂಪನಿಗಳು ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇವೆ.

ತೆರಿಗೆ ಇಲಾಖೆ ಮಾತ್ರ ಎರಡನ್ನೂ ಕೂಡಿಸಿ ನೋಡುತ್ತದೆ. ಹುಬ್ಬಳ್ಳಿಯ ಆರು ತಿಂಗಳ 6 ಲಕ್ಷ, ಬೆಂಗಳೂರಿನ 7.5 ಲಕ್ಷ, ಒಟ್ಟು 13.5 ಲಕ್ಷ. ಒಂದೇ ಸಲ 75,000 ಕಳೆದರೆ 12.75 ಲಕ್ಷ. 12 ಲಕ್ಷದ ಗಡಿ ದಾಟಿತು. 4ರಿಂದ 8 ಲಕ್ಷದವರೆಗೆ ಶೇ 5ರಂತೆ 20,000. 8ರಿಂದ 12ರವರೆಗೆ ಶೇ 10ರಂತೆ 40,000. ಮೇಲಿನ 75,000ಕ್ಕೆ ಶೇ 15ರಂತೆ 11,250. ಒಟ್ಟು 71,250. ಅದಕ್ಕೆ ಶೇ 4ರ ಸೆಸ್ ಸೇರಿದರೆ 74,100 ರೂಪಾಯಿ. ರಿಟರ್ನ್ ಸಲ್ಲಿಸಲು ಕೂತಾಗ ಈ ಮೊತ್ತ ಒಮ್ಮೆಗೇ ಎದುರಾಗುತ್ತದೆ, ಮುಂಗಡ ತೆರಿಗೆ ಕಟ್ಟದ್ದಕ್ಕೆ ಬಡ್ಡಿ ಬೇರೆ.

ಸೇರುವ ದಿನವೇ ಮಂಜುನಾಥ ಹಿಂದಿನ ಕಂಪನಿಯ ಸಂಬಳ ಮತ್ತು ಹಿಡಿದ ತೆರಿಗೆಯ ವಿವರವನ್ನು ಕೊಟ್ಟಿದ್ದರೆ, ಆ ವರ್ಷದ ನಿಯಮದಲ್ಲಿ ಅದಕ್ಕೆಂದೇ ಇದ್ದ ಫಾರಂ 12ಬಿಯಲ್ಲಿ, ಹೊಸ ಕಂಪನಿ ಅದನ್ನು ಆರು ತಿಂಗಳಿಗೆ ಹಂಚಿ ತಿಂಗಳಿಗೆ 12,350ರಂತೆ ಹಿಡಿಯುತ್ತಿತ್ತು. ಕಟ್ಟುವ ಹಣ ಅಷ್ಟೇ, ಬಡ್ಡಿ ಇಲ್ಲ, ಆತಂಕವಿಲ್ಲ. 'ಫಾರಂ 16 ಇನ್ನೂ ಬಂದಿಲ್ಲ' ಎಂದು ಇದಕ್ಕೆ ಕಾಯುವಂತಿಲ್ಲ. ಅದು ಬರುವುದೇ ವರ್ಷ ಮುಗಿದ ಮೇಲೆ ಜೂನ್‌ನಲ್ಲಿ. ಕೊನೆಯ ಸಂಬಳದ ಚೀಟಿ ಮತ್ತು ಅಲ್ಲಿಯವರೆಗಿನ ತೆರಿಗೆ ಲೆಕ್ಕದ ಹಾಳೆಯನ್ನು ಕೇಳಿ ಪಡೆದುಕೊಳ್ಳಿ. ಹಳೆಯ ಸಂಬಳ ಹೊಸಬರಿಗೆ ಏಕೆ ಹೇಳಬೇಕು ಎಂದು ಮುಚ್ಚಿಡುವವರಿದ್ದಾರೆ. ಕಂಪನಿಗೆ ಹೇಳದಿದ್ದರೂ ಅದು ನಿಮ್ಮ ಪ್ಯಾನ್ ಸಂಖ್ಯೆಯ ಕೆಳಗೆ ಇಲಾಖೆಯ ಕಣ್ಣಿಗೆ ಬೀಳುತ್ತದೆ.

ಹಿಂದಿನ ರಾತ್ರಿ ಒಮ್ಮೆ ನೋಡಿ

ಗುರುತಿಗೆ: ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಕೊನೆಯ ಪದವಿಯ ಪ್ರಮಾಣಪತ್ರ, ಫೋಟೋಗಳು. ಒರಿಜಿನಲ್ ಒಂದು ಕವರಿನಲ್ಲಿ, ಸಹಿ ಹಾಕಿದ ಜೆರಾಕ್ಸ್ ಇನ್ನೊಂದರಲ್ಲಿ.

ಬ್ಯಾಂಕಿಗೆ: ನಿಮ್ಮೊಬ್ಬರ ಹೆಸರಿನ, ನಡೆಯುತ್ತಿರುವ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಹೊಸ ಐಎಫ್‌ಎಸ್‌ಸಿ ಇರುವ ಪಾಸ್‌ಬುಕ್ ಪುಟ.

ಹಿಂದಿನ ಕಂಪನಿಯಿಂದ: ನೇಮಕದ ಆದೇಶ, ರಿಲೀವಿಂಗ್ ಲೆಟರ್, ಅನುಭವ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ಯುಎಎನ್, ಈ ವರ್ಷದ ಸಂಬಳ-ತೆರಿಗೆಯ ಲೆಕ್ಕ.

ಪಿಎಫ್ ಮತ್ತು ಗ್ರಾಚ್ಯುಟಿಯ ನಾಮಿನಿ ಫಾರಂ ತುಂಬಲು: ಮನೆಯವರ ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ.

ಇಷ್ಟನ್ನೂ ಜೋಡಿಸಿದ ಮೇಲೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಪ್ರತಿ ದಾಖಲೆಯಲ್ಲಿ ನಿಮ್ಮ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಒಂದರ ಕೆಳಗೆ ಒಂದು ಬರೆಯಿರಿ. ಎದುರಿಗೆ ಹುಟ್ಟಿದ ದಿನ ಬರೆಯಿರಿ. ಕೆಳಗೆ ಹಳೆಯ ಕೆಲಸ ಬಿಟ್ಟ ದಿನ, ಹೊಸದಕ್ಕೆ ಸೇರುವ ದಿನ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಗುರುತು ಹಾಕಿ, ಅದನ್ನು ಎಚ್‌ಆರ್‌ಗೆ ನೀವೇ ಮೊದಲು ಹೇಳಿ, ಯಾವುದನ್ನು ತಿದ್ದಿಸಲು ಕೊಟ್ಟಿದ್ದೀರಿ ಎಂದು ಅರ್ಜಿಯ ರಸೀದಿ ತೋರಿಸಿ. ಹಾಗೆ ಮೊದಲೇ ಹೇಳಿದವರ ಕೆಲಸ ನಿಂತದ್ದನ್ನು ನಾನು ಕಂಡಿಲ್ಲ. ಹೇಳದೆ ಬಿಟ್ಟ ಒಂದು ಅಕ್ಷರಕ್ಕೆ ವರ್ಷಗಟ್ಟಲೆ ಪಿಎಫ್ ಕಚೇರಿಗೆ ಅಲೆದವರನ್ನು ಕಂಡಿದ್ದೇನೆ. ಆ ಒಂದು ಹಾಳೆಗೆ ಅರ್ಧ ಗಂಟೆ ಕೊಡಿ.